ಬೆಳಗಾಗದ ಆಟ: ಸೀರಿಯಲ್ಲು ಯಾಕೆ ಮುಗಿಯಲ್ಲ?

ನಾನು ಓದಿರೋದು ಏಳನೇ ಕ್ಲಾಸು. ಮಾಡೋದು ಕಡ್ಲೆಕಾಯಿ, ರಾಗಿ ಬೇಸಾಯ. ಆದರೆ ಕಥೆಯನ್ನ ಎಳೆಯೋ ವಿದ್ಯೆ ನನಗೆ ಸ್ವಲ್ಪ ಗೊತ್ತು. ನಲವತ್ತು ವರ್ಷದಿಂದ ನಮ್ಮ ಮಡಕಶಿರಾ ಸೀಮೆಯಲ್ಲಿ ಪದ ಹಾಡ್ತಾ, ಬಯಲಾಟಕ್ಕೆ ಹಿಮ್ಮೇಳ ಕೊಡ್ತಾ ಬಂದಿದ್ದೀನಿ. ರಾತ್ರಿ ಹತ್ತಕ್ಕೆ ಆಟ ಶುರುವಾದರೆ ಮುಗಿಯೋದು ಬೆಳಿಗ್ಗೆ ಆರಕ್ಕೆ. ಕಥೆ ನೋಡಿದರೆ ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಬಹುದಾದದ್ದು. ಅದನ್ನ ಎಂಟು ಗಂಟೆ ಎಳೀತೀವಿ. ರಾಜ ರಂಗಕ್ಕೆ ಬಂದ ಕೂಡಲೇ ಸಾರಥಿ ಅವನನ್ನ ನಿಲ್ಲಿಸಿ "ತಾವು ಯಾರು, ಯಾವ ದೇಶ, ತಂದೆ ಯಾರು" ಅಂತ ಕೇಳ್ತಾನೆ. ಆ ಒಬ್ಬನ ಪರಿಚಯಕ್ಕೇ ಅರ್ಧ ಗಂಟೆ ಹೋಗುತ್ತೆ. ಭೀಮನ ಪಾತ್ರದವನಿಗೆ ಬಣ್ಣ ಮುಗಿದಿಲ್ಲ ಅಂದರೆ ಭಾಗವತರು ಇನ್ನೊಂದು ಪದ ಎತ್ತುತ್ತಾರೆ. ಹೀಗೆ ಎಳೆಯೋದು ನಮಗೇನೂ ಹೊಸದಲ್ಲ.

ಅದಕ್ಕೇ ಟಿವಿ ಸೀರಿಯಲ್ಲು ನೋಡಿ ನಾನು ನಗುತ್ತಿದ್ದೆ. ಐದು ವರ್ಷ ಒಂದೇ ಕಥೆ ಹೇಳ್ತಾರೆ, ಇವರಿಗೆ ಮುಗಿಸೋಕೆ ಬರಲ್ಲ ಅಂದುಕೊಂಡಿದ್ದೆ. ಆಮೇಲೆ ಮನೆಯಲ್ಲಿ ಕೂತು ಗಮನಿಸಿದೆ, ನಾಲ್ಕು ಜನರನ್ನ ಕೇಳಿದೆ. ಮುಗಿಸೋಕೆ ಬರದೆ ಅಲ್ಲ, ಮುಗಿಸೋದು ಅವರಿಗೆ ನಷ್ಟ ಅನ್ನೋದು ಗೊತ್ತಾಯ್ತು. ಅದನ್ನ ಇಲ್ಲಿ ಬರೆದಿದ್ದೀನಿ.

ಮೊದಲು ಹೀಗಿರಲಿಲ್ಲ. 1984ರಲ್ಲಿ ದೂರದರ್ಶನದಲ್ಲಿ 'ಹಮ್ ಲೋಗ್' ಅಂತ ಹಿಂದಿ ಧಾರಾವಾಹಿ ಬಂತು. ಮನೋಹರ ಶ್ಯಾಮ ಜೋಶಿ ಅವರು ಬರೆದದ್ದು. ಒಂದು ಸಾಮಾನ್ಯ ಸಂಸಾರದ ಕಥೆ. ಮೆಕ್ಸಿಕೋ ದೇಶದಲ್ಲಿ ಸಂಸಾರದ ಧಾರಾವಾಹಿ ಮೂಲಕ ಜನರಿಗೆ ಬುದ್ಧಿಮಾತು ಮುಟ್ಟಿಸೋ ಪದ್ಧತಿ ಇತ್ತು, ಅದನ್ನ ನೋಡಿ ಇದನ್ನ ಮಾಡಿದರು. ಸುಮಾರು ಒಂದೂವರೆ ವರ್ಷ ನಡೆದು 1985ರ ಕೊನೆಗೆ ಮುಗೀತು. ಕಂತುಗಳು ಹೆಚ್ಚೂ ಕಡಿಮೆ 156. ಆಮೇಲೆ 1987ರ ಜನವರಿಯಲ್ಲಿ ರಮಾನಂದ ಸಾಗರ್ ಅವರ 'ರಾಮಾಯಣ' ಶುರುವಾಯ್ತು, ಭಾನುವಾರ ಬೆಳಿಗ್ಗೆ. ಹಿಂದಿ ಒಂದಕ್ಷರ ಬರದ ನಮ್ಮೂರಿನವರು ಚಪ್ಪಲಿ ಹೊರಗೆ ಬಿಟ್ಟು ಕೂತು ನೋಡ್ತಿದ್ದರು. ಅದಕ್ಕೆ ಮೊದಲು ಗೊತ್ತು ಮಾಡಿದ್ದು 52 ಕಂತು. ಜನ ಬಿಡಲಿಲ್ಲ ಅಂತ ಬೆಳೆಸಿ ಬೆಳೆಸಿ 78 ಮಾಡಿದರು. ನಮ್ಮ ದೇಶದಲ್ಲಿ ಟಿವಿ ಕಥೆಯನ್ನ ಎಳೆದದ್ದಕ್ಕೆ ಎಲ್ಲರೂ ಕಂಡ ಮೊದಲ ದೊಡ್ಡ ಉದಾಹರಣೆ ಅದೇ ಅನ್ನಬೇಕು. ಆದರೂ ರಾವಣ ಸಾಯಲೇಬೇಕಿತ್ತು, ಪಟ್ಟಾಭಿಷೇಕ ಆಗಲೇಬೇಕಿತ್ತು. ಕಥೆಗೆ ಒಂದು ದಡ ಇತ್ತು.

ದಡ ಹೋದದ್ದು ದಿನವೂ ಬರೋ ಸೀರಿಯಲ್ಲಿಂದ. 1994ರಲ್ಲಿ ದೂರದರ್ಶನದಲ್ಲಿ 'ಶಾಂತಿ' ಅನ್ನೋದು ದಿನಾ ಮಧ್ಯಾಹ್ನ ಬರೋಕೆ ಶುರುವಾಯ್ತು. ಹತ್ತಿರಹತ್ತಿರ ಅದೇ ಕಾಲಕ್ಕೆ ಖಾಸಗಿ ಚಾನೆಲ್ಲುಗಳು ಬಂದವು, ಊರೂರಿಗೆ ಕೇಬಲ್ಲು ಎಳೆದರು. ತಮಿಳಿನಲ್ಲಿ ರಾಧಿಕಾ ಮಾಡಿದ 'ಚಿತ್ತಿ' 1999ರಲ್ಲಿ ಶುರುವಾಯ್ತು. ಅದೇ ತೆಲುಗಿಗೆ 'ಪಿನ್ನಿ' ಅಂತ ಬಂದಾಗ ನಮ್ಮ ಕಡೆ ಹೆಂಗಸರು ಹೊಲದಿಂದ ಬೇಗ ಬರೋದು ಕಲಿತರು. 2000ದ ಜುಲೈಯಲ್ಲಿ ಹಿಂದಿಯಲ್ಲಿ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' ಶುರುವಾಗಿ 2008ರವರೆಗೆ 1,800ಕ್ಕೂ ಹೆಚ್ಚು ಕಂತು ನಡೀತು. ಇನ್ನು ನಮ್ಮ ತೆಲುಗು ನಾಡಿನಲ್ಲಿ ಈಟಿವಿಯ 'ಅಭಿಷೇಕಂ' 2008ರ ಡಿಸೆಂಬರಿನಲ್ಲಿ ಶುರುವಾಗಿ 2022ರ ಫೆಬ್ರವರಿಯಲ್ಲಿ ನಿಂತಾಗ ಲೆಕ್ಕ 4,000 ಕಂತು.

ಈ ನಾಲ್ಕು ಸಾವಿರ ಅನ್ನೋದನ್ನ ನಮ್ಮ ಆಟದ ಅಳತೆಯಲ್ಲಿ ನೋಡಿ. ಅರ್ಧ ಗಂಟೆಯಲ್ಲಿ ಜಾಹೀರಾತು ಬಿಟ್ಟರೆ ಕಥೆಗೆ ಸಿಗೋದು ಸುಮಾರು 22 ನಿಮಿಷ. ನಾಲ್ಕು ಸಾವಿರ ಕಂತಿಗೆ 88,000 ನಿಮಿಷ, ಅಂದರೆ 1,466 ಗಂಟೆ. ನಮ್ಮ ಬಯಲಾಟ ರಾತ್ರಿಗೆ ಎಂಟು ಗಂಟೆ. ಹಾಗಾದರೆ 183 ರಾತ್ರಿ ಬೆಳಗಿನವರೆಗೆ ಕುಣಿದಷ್ಟಾಯ್ತು. ಒಂದೇ ಕಥೆಗೆ!

ಇದು ಯಾಕೆ ಅಂದರೆ, ಕಾರಣ ಕಥೆಯಲ್ಲಿಲ್ಲ, ಹೊತ್ತಿನಲ್ಲಿದೆ. ಚಾನೆಲ್ಲಿನವರು ಮಾರೋದು ಕಥೆಯನ್ನಲ್ಲ, ಸಂಜೆ ಏಳೂವರೆಯಿಂದ ಎಂಟರವರೆಗಿನ ಹೊತ್ತನ್ನ. ಸೋಪು, ಚಹಾಪುಡಿ, ಅಡುಗೆ ಎಣ್ಣೆಯವರು ಅಲ್ಲಿ ಜಾಹೀರಾತಿಗೆ ದುಡ್ಡು ಕೊಡ್ತಾರೆ. ಎಷ್ಟು ಕೊಡಬೇಕು ಅಂತ ತೀರ್ಮಾನ ಮಾಡೋದು ಟಿಆರ್‌ಪಿ ಅನ್ನೋ ಲೆಕ್ಕ. 2015ರಿಂದ ಈ ಲೆಕ್ಕವನ್ನ ಬಾರ್ಕ್ ಅನ್ನೋ ಸಂಸ್ಥೆ ಇಡ್ತಿದೆ. ದೇಶದಲ್ಲಿ ಆರಿಸಿದ ಕೆಲವು ಸಾವಿರ ಮನೆಗಳ ಟಿವಿಗೆ ಮೀಟರು ಕೂಡಿಸಿರ್ತಾರೆ. 2020ರ ಹೊತ್ತಿಗೆ ಅಂಥ ಮನೆಗಳು ಸುಮಾರು 44,000. ಆ ಮನೆಯವರು ಏನು ನೋಡಿದರು ಅನ್ನೋದು ವಾರಕ್ಕೊಮ್ಮೆ ಹೊರಗೆ ಬರುತ್ತೆ. ನಾವು ಬೆಳೆಗೆ ಮಳೆ ಕಾಯೋ ಹಾಗೆ ಅವರು ಆ ಅಂಕಿ ಕಾಯ್ತಾರೆ.

ಇದರಲ್ಲಿ ಗಡಿಯವರಾದ ನಮಗೊಂದು ವಿಶೇಷ ಇದೆ. ಈ ಲೆಕ್ಕದಲ್ಲಿ ಆಂಧ್ರ ತೆಲಂಗಾಣ ಸೇರಿ ಒಂದು ಸಂತೆ, ಕರ್ನಾಟಕ ಬೇರೆ ಸಂತೆ. ನಮ್ಮ ಮನೆಯಲ್ಲಿ ಎಷ್ಟೇ ಕನ್ನಡ ಸೀರಿಯಲ್ಲು ನೋಡಿದರೂ ನಾವು ಕರ್ನಾಟಕದ ಸಂತೆಯಲ್ಲಿ ನಿಂತ ಗಿರಾಕಿಗಳಲ್ಲ. ಕನ್ನಡ ಕಥೆ ಬರೆಯೋರು ಬೆಂಗಳೂರು, ಹುಬ್ಬಳ್ಳಿ, ಮೈಸೂರು ಕಡೆ ಮನೆ ನೆನೆದು ಬರೀತಾರೆ. ನಾವು ಬೇಲಿಯಾಚೆಯಿಂದ ಇಣುಕಿ ನೋಡೋರು.

ಈಗ ಒಂದು ಸೀರಿಯಲ್ಲು ಆ ಹೊತ್ತಿನಲ್ಲಿ ಗೆದ್ದಿದೆ ಅಂದುಕೊಳ್ಳಿ. ಅದನ್ನ ಮುಗಿಸಿ ಹೊಸದು ಶುರು ಮಾಡಬೇಕಾದರೆ ಹೊಸ ಮನೆ ಸೆಟ್ಟು, ಹೊಸ ಬಟ್ಟೆಬರೆ, ಹೊಸ ಮುಖಗಳು, ಊರೆಲ್ಲ ಪ್ರಚಾರ ಬೇಕು. ಅಷ್ಟೆಲ್ಲ ಮಾಡಿದರೂ ಜನ ನಿಲ್ಲುತ್ತಾರೆ ಅನ್ನೋ ಭರವಸೆ ಇಲ್ಲ. ಹಳೆಯದಕ್ಕಾದರೆ ಸೆಟ್ಟಿನ ಖರ್ಚು ಎಂದೋ ಹುಟ್ಟಿದೆ, ಜನಕ್ಕೆ ಪಾತ್ರಗಳ ಹೆಸರು ಬಾಯಿಪಾಠ. ತಯಾರಕರಿಗೆ ದುಡ್ಡು ಬರೋದೂ ಕಂತಿನ ಲೆಕ್ಕದಲ್ಲಿ. ನೂರಾರು ಜನ ನಟರು, ಲೈಟಿನವರು, ಮೇಕಪ್ಪಿನವರು, ಅಡುಗೆಯವರು ಅದರ ಮೇಲೆ ಬದುಕ್ತಾರೆ. ಹಾಲು ಕೊಡೋ ಹಸುವನ್ನ ಯಾರು ಸಂತೆಗೆ ಹೊಡೀತಾರೆ ಹೇಳಿ.

ಸರಿ, ಎಳೆಯೋದು ಹೇಗೆ? ಇದಕ್ಕೆ ನಮ್ಮ ಮನೆಯಲ್ಲಿ ಎಲ್ಲರೂ ನೋಡಿದ ಒಂದೇ ಕಥೆ ಸಾಕು. 'ಕಾರ್ತೀಕ ದೀಪಂ', ಸ್ಟಾರ್ ಮಾ ಚಾನೆಲ್ಲಿನದು. 2017ರ ಅಕ್ಟೋಬರಿನಿಂದ 2023ರ ಜನವರಿವರೆಗೆ 1,569 ಕಂತು ನಡೀತು. ಇದರ ಮೂಲ ಮಲಯಾಳದ 'ಕರುತ್ತಮುತ್ತ್'. ಅದೇ ಕಥೆ ಕನ್ನಡದಲ್ಲಿ 2018ರಲ್ಲಿ 'ಮುದ್ದುಲಕ್ಷ್ಮಿ' ಆಯ್ತು, ತಮಿಳಿನಲ್ಲಿ 2019ರಲ್ಲಿ 'ಭಾರತಿ ಕಣ್ಣಮ್ಮ' ಆಯ್ತು. ಒಂದು ಕಡೆ ಗೆದ್ದ ಬೀಜವನ್ನ ಇನ್ನೊಂದು ಹೊಲದಲ್ಲಿ ಬಿತ್ತೋದು ಇದು. ಯಾವ ಗಂಟು ಜನರನ್ನ ಹಿಡಿದಿಡುತ್ತೆ ಅನ್ನೋದು ಮೊದಲೇ ಗೊತ್ತಾಗಿರುತ್ತಲ್ಲ, ಅದಕ್ಕೆ.

ಕಥೆಯ ಗಂಟು ಇಷ್ಟೇ. ದೀಪ ಅನ್ನೋ ಕಪ್ಪು ಬಣ್ಣದ ಹೆಣ್ಣುಮಗಳನ್ನ ಡಾಕ್ಟರ್ ಕಾರ್ತೀಕ್ ಇಷ್ಟಪಟ್ಟು ಮದುವೆ ಆಗ್ತಾನೆ. ಅವನ ಮೇಲೆ ಕಣ್ಣಿಟ್ಟ ಮೋನಿತ ಅನ್ನೋಳು, ಅವಳೂ ಡಾಕ್ಟರೇ, ನಿನಗೆ ಮಕ್ಕಳಾಗೋ ಯೋಗ ಇಲ್ಲ ಅಂತ ಅವನನ್ನ ನಂಬಿಸ್ತಾಳೆ. ಆಮೇಲೆ ದೀಪ ಬಸುರಿ ಆದಾಗ ಅವನು ಹೆಂಡತಿಯನ್ನೇ ಅನುಮಾನಿಸ್ತಾನೆ. ಅವಳು ಮನೆ ಬಿಟ್ಟು ಹೋಗಿ, ಅಡುಗೆ ಮಾಡಿ ಬದುಕ್ತಾಳೆ. ಜನ ಅವಳನ್ನ 'ವಂಟಲಕ್ಕ' ಅಂತಲೇ ಕರೆದರು, ತೆಲುಗಿನಲ್ಲಿ ಅಡುಗೆಯ ಅಕ್ಕ ಅಂತ ಅರ್ಥ. ಹುಟ್ಟಿದ್ದು ಅವಳಿ ಹೆಣ್ಣುಮಕ್ಕಳು. ಒಬ್ಬಳು ಶೌರ್ಯ, ತಾಯಿ ಹತ್ತಿರ ಬೆಳೀತಾಳೆ. ಇನ್ನೊಬ್ಬಳು ಹಿಮ, ತಂದೆ ಮನೆಯಲ್ಲೇ ಬೆಳೀತಾಳೆ. ತನ್ನ ಮಗಳೇ ಅನ್ನೋದು ತಂದೆಗೆ ಗೊತ್ತಿಲ್ಲ.

ಈ ಗಂಟು ಬಿಚ್ಚೋಕೆ ಒಂದು ರಕ್ತಪರೀಕ್ಷೆ ಸಾಕು. ಗಂಡ ಡಾಕ್ಟರು ಬೇರೆ! ಡಿಎನ್ಎ ಪರೀಕ್ಷೆ ಮಾಡಿಸಯ್ಯ ಅಂತ ಜನ ತಮಾಷೆ ಮಾಡದ ದಿನ ಇಲ್ಲ. ಹೈಸ್ಕೂಲು ಓದೋ ನನ್ನ ಮೊಮ್ಮಗನೂ "ತಾತ, ನಮ್ಮ ಪುಸ್ತಕದಲ್ಲೇ ಇದೆ, ಇವನಿಗೆ ಗೊತ್ತಿಲ್ವಾ?" ಅಂತ ಕೇಳಿದ. ಆದರೆ ಆ ಪರೀಕ್ಷೆ ಮಾಡಿಸಿದ ದಿನವೇ ಸೀರಿಯಲ್ಲು ಮುಗೀತು. ಅದಕ್ಕೇ ಬರೆಯೋರ ಕೆಲಸ ಪರೀಕ್ಷೆಯನ್ನ ಮುಂದಕ್ಕೆ ಹಾಕೋದು.

ನಾನು ಗಮನಿಸಿದ ಮೊದಲ ಉಪಾಯ, ಗುಟ್ಟು ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ ಅನ್ನೋ ಪಟ್ಟಿ. ಮನೆಯಲ್ಲಿ ಹತ್ತು ಜನ ಇದ್ದರೆ ಹತ್ತೂ ಜನಕ್ಕೆ ಒಂದೇ ದಿನ ತಿಳಿಸಲ್ಲ. ಅತ್ತೆಗೆ ಮೊದಲು ಅನುಮಾನ ಬರುತ್ತೆ, ಅದಕ್ಕೊಂದು ವಾರ. ಸಾಕ್ಷಿ ಸಿಗುತ್ತೆ, ಕಳೆದುಹೋಗುತ್ತೆ, ಅದಕ್ಕೊಂದು ವಾರ. ಕೊನೆಗೆ ನಿಜ ತಿಳಿಯುತ್ತೆ, ಆದರೆ ಯಾರಿಗೂ ಹೇಳಬೇಡಿ ಅಂತ ಆಣೆ ಹಾಕಿಸಿಕೊಳ್ತಾರೆ. ಈ ಆಣೆ ಅನ್ನೋದು ಬರೆಯೋರಿಗೆ ಬಹಳ ದೊಡ್ಡ ಆಸ್ತಿ. ಗೊತ್ತಿದ್ದೂ ಹೇಳೋ ಹಾಗಿಲ್ಲ ಅಂದ ಮೇಲೆ ಆ ಪಾತ್ರ ತಿಂಗಳುಗಟ್ಟಲೆ ಅಳಬಹುದು. ಆಮೇಲೆ ಮಾವನ ಸರದಿ, ಮೈದುನನ ಸರದಿ. ಗಂಡನ ಸರದಿ ಕಟ್ಟಕಡೆಗೆ. ಒಂದೇ ಗುಟ್ಟನ್ನ ಹತ್ತು ಸಲ ಮಾರಿದ ಹಾಗಾಯ್ತು.

ಎರಡನೇದು, ಒಂದು ಕಂತಿನೊಳಗಿನ ಎಳೆತ. ಒಂದು ಸಂಜೆ ಮೊಮ್ಮಗನ ಫೋನಿನಲ್ಲಿ ಗಡಿಯಾರ ಇಟ್ಟುಕೊಂಡು ಬೇರೊಂದು ಸೀರಿಯಲ್ಲನ್ನ ಅಳೆದೆ. ಮೊದಲ ಮೂರು ನಿಮಿಷ ನಿನ್ನೆಯ ಕೊನೆಯ ದೃಶ್ಯ ಮತ್ತು ಶೀರ್ಷಿಕೆಯ ಹಾಡು. ಆಮೇಲೆ ಅಡುಗೆ ಮನೆಯಲ್ಲಿ ಇಬ್ಬರು, ಹಜಾರದಲ್ಲಿ ಆರು ಜನ, ಕಾರಿನಲ್ಲಿ ಒಬ್ಬ ಫೋನಿನಲ್ಲಿ, ಮತ್ತೆ ಹಜಾರ. ಸೊಸೆ ಒಂದು ಮಾತು ಅಂದಳು. ಅದಕ್ಕೆ ಒಂಬತ್ತು ಜನರ ಮುಖ ಒಂದೊಂದಾಗಿ ತೋರಿಸಿದರು, ಹಿಂದೆ ಢಣ್ ಢಣ್ ಅಂತ ಸದ್ದು. ಅದಕ್ಕೇ ಒಂದೂವರೆ ನಿಮಿಷ. ಅವತ್ತು ನಿಜವಾಗಿ ನಡೆದದ್ದು ಬೀರುವಿನಿಂದ ಒಂದು ಕಾಗದ ಕೆಳಗೆ ಬಿದ್ದದ್ದು. ಅದನ್ನ ಯಾರೋ ಬಗ್ಗಿ ತೆಗೆದುಕೊಳ್ಳೋ ಹೊತ್ತಿಗೆ ನಿಲ್ಲಿಸಿದರು.

ಇದು ಬರೀ ಮೋಸ ಅಂತ ನಾನು ಅಂದೆ. ಸೊಸೆ ರೊಟ್ಟಿ ತಟ್ಟುತ್ತಾ ಒಳಗಿಂದಲೇ "ಮಾಮ, ನಾನು ಕೂತು ನೋಡ್ತೀನಾ? ಕಿವಿಯಲ್ಲಿ ಕೇಳ್ತೀನಿ. ಸದ್ದು ಬಂದಾಗ ಬಂದು ಇಣುಕ್ತೀನಿ" ಅಂದಳು. ಆಗ ನನಗೆ ಹೊಳೀತು. ಆ ಮುಖಗಳು, ಆ ಸದ್ದು, ನಿನ್ನೆಯದನ್ನ ಮತ್ತೆ ಹೇಳೋದು, ಇವೆಲ್ಲ ಒಲೆ ಮುಂದೆ ಇರೋರಿಗೆ ಮಾಡಿದ್ದು. ಒಂದು ವಾರ ಕಡ್ಲೆಕಾಯಿ ಕೀಳೋಕೆ ಹೋಗಿ ಬಂದರೂ ಕಥೆ ತಪ್ಪಬಾರದು. ನಮ್ಮ ಆಟದಲ್ಲೂ ನಡುರಾತ್ರಿ ನಿದ್ದೆ ಹೋದವರು ಎದ್ದಾಗ ಕಥೆ ಸಿಗಲಿ ಅಂತ ಭಾಗವತರು ಹಿಂದಿನದನ್ನ ಒಂದು ಪದದಲ್ಲಿ ತಿರುಗಿ ಹೇಳ್ತಾರೆ. ಉಪಾಯ ಒಂದೇ.

ಇನ್ನೊಂದು ಕಾರಣ ಶೂಟಿಂಗಿನ ಅವಸರ. ಸಿನಿಮಾಕ್ಕೆ ದಿನಕ್ಕೆ ಎರಡು ಮೂರು ನಿಮಿಷದ ದೃಶ್ಯ ತೆಗೆದರೆ ಆಯ್ತು. ಸೀರಿಯಲ್ಲಿಗೆ ದಿನಕ್ಕೆ ಹತ್ತಿರಹತ್ತಿರ ಒಂದು ಕಂತು ಆಗಬೇಕು. ಕಥೆಯ ದಾರಿ ಹೇಳೋರು ಒಬ್ಬರು, ದೃಶ್ಯ ಕಟ್ಟೋರು ಇನ್ನೊಬ್ಬರು, ಮಾತು ಬರೆಯೋರು ಮತ್ತೊಬ್ಬರು. ಎಷ್ಟೋ ಸಲ ಶೂಟಿಂಗು ಟಿವಿಯಲ್ಲಿ ಬರೋದಕ್ಕಿಂತ ಕೆಲವೇ ದಿನ ಮುಂದೆ ಇರುತ್ತೆ. ಅಷ್ಟರಲ್ಲಿ ನಾಯಕಿಗೆ ಜ್ವರ ಬಂದರೆ ಪಾತ್ರವನ್ನ ತವರಿಗೆ ಕಳಿಸ್ತಾರೆ, ಇಲ್ಲವೆ ಆಸ್ಪತ್ರೆಯ ಮಂಚದ ಮೇಲೆ ಮಲಗಿಸ್ತಾರೆ. ಒಂದೇ ಹಜಾರ, ಒಂದೇ ಅಡುಗೆ ಮನೆ ಯಾಕೆ ಅಂದರೆ ಹೊರಗೆ ಹೋದರೆ ಹೊತ್ತೂ ಹೋಗುತ್ತೆ, ದುಡ್ಡೂ ಹೋಗುತ್ತೆ.

ಮೂರನೇದು, ಗಂಟು ಕೊನೆಗೂ ಬಿಚ್ಚಿದ ಮೇಲೆ ಮಾಡೋ ಕೆಲಸ. ಒಂದೇ ದಿನದಲ್ಲಿ ಕಥೆಯನ್ನ ಹತ್ತು ಇಪ್ಪತ್ತು ವರ್ಷ ಮುಂದಕ್ಕೆ ಹಾರಿಸ್ತಾರೆ. ಮಕ್ಕಳು ದೊಡ್ಡವರಾಗ್ತಾರೆ, ಮತ್ತೆ ಮದುವೆ, ಮತ್ತೆ ಅತ್ತೆಸೊಸೆ. ಹಿಂದಿಯ 'ಯೇ ರಿಶ್ತಾ ಕ್ಯಾ ಕೆಹಲಾತಾ ಹೈ' 2009ರ ಜನವರಿಯಿಂದ ಹೀಗೆ ತಲೆಮಾರು ತಲೆಮಾರು ದಾಟಿಕೊಂಡು ನಾಲ್ಕು ಸಾವಿರ ಕಂತನ್ನೂ ಮೀರಿದೆ.

ಆದರೆ ಈ ಹಾರಾಟ ಎಲ್ಲರಿಗೂ ದಕ್ಕಲ್ಲ. ಕಾರ್ತೀಕ ದೀಪದಲ್ಲಿ 2022ರಲ್ಲಿ ಕಾರ್ತೀಕ್, ದೀಪ ಇಬ್ಬರೂ ಅಪಘಾತದಲ್ಲಿ ಸತ್ತರು ಅಂತ ತೋರಿಸಿ ಮಕ್ಕಳನ್ನ ದೊಡ್ಡವರನ್ನಾಗಿ ಮಾಡಿದರು. ಜನಕ್ಕೆ ಬೇಕಾಗಿದ್ದದ್ದು ಆ ಮಕ್ಕಳಲ್ಲ, ಡಾಕ್ಟರ್ ಬಾಬು ಮತ್ತು ವಂಟಲಕ್ಕ. ನೋಡೋರು ಕಡಿಮೆಯಾದರು. ಕೆಲವು ತಿಂಗಳಿಗೇ ಸತ್ತವಳು ಸತ್ತಿರಲಿಲ್ಲ, ಪ್ರಜ್ಞೆ ಇಲ್ಲದೆ ಮಲಗಿದ್ದಳು ಅಂತ ಎಬ್ಬಿಸಿದರು. ಗಂಡನೂ ಬದುಕಿದ್ದ, ಆದರೆ ನೆನಪು ಹೋಗಿತ್ತು. ನಮ್ಮ ಆಟದಲ್ಲಿ ಹೀಗೆ ಮಾಡೋಕೆ ಆಗಲ್ಲ. ಸತ್ತ ಕೀಚಕ ಎದ್ದು ಬಂದರೆ ಜನ ಕಲ್ಲು ಹೊಡೀತಾರೆ. ಅಲ್ಲೂ ಜನ ಬಹಳ ದಿನ ತಡೆಯಲಿಲ್ಲ. 2023ರ ಜನವರಿಯಲ್ಲಿ ಕಥೆ ಮುಗೀತು. ಮತ್ತೆ 2024ರಲ್ಲಿ ಅದೇ ಹೆಸರಿಗೆ ಎರಡು ಅಂತ ಸೇರಿಸಿ, ಅದೇ ಜೋಡಿಯನ್ನ ಇಟ್ಟು, ಬೇರೆ ಕಥೆ ಶುರು ಮಾಡಿದರು.

ಒಂದು ಸೀರಿಯಲ್ಲಿನ ಕಥೆ ತೀರಿಹೋಗಿದೆ, ಬರೀ ಎಳೀತಿದ್ದಾರೆ ಅಂತ ತಿಳಿಯೋಕೆ ನಾನೊಂದು ಪರೀಕ್ಷೆ ಇಟ್ಟುಕೊಂಡಿದ್ದೀನಿ. ಒಂದು ವಾರ ಬಿಟ್ಟು ನೋಡಿ, ಮನೆಯವರನ್ನ ಏನಾಯ್ತು ಅಂತ ಕೇಳಬೇಕು. ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರೆ ಇನ್ನೂ ಗಂಟು ಗಟ್ಟಿ ಇದೆ, ನಿಧಾನ ಅಷ್ಟೇ. ಮೊದಲಿಗಿಲ್ಲದ ಅಣ್ಣನೋ ತಂಗಿಯೋ ಬಂದರು, ಯಾರನ್ನೋ ಅಪಹರಣ ಮಾಡಿದರು, ಒಬ್ಬರ ಹಾಗೆ ಇನ್ನೊಬ್ಬರು ಬಂದರು ಅಂತ ಹೇಳಿದರೆ ಮೊದಲ ಗಂಟು ತೀರಿಹೋಗಿದೆ ಅಂತ ಅರ್ಥ. ಸಂಜೆ ಹೊತ್ತಿನಿಂದ ಎತ್ತಿ ಮಧ್ಯಾಹ್ನಕ್ಕೆ ಹಾಕಿದರೆ ಚಾನೆಲ್ಲಿನವರೂ ಅದನ್ನೇ ಹೇಳ್ತಿದ್ದಾರೆ.

ಕೊನೆಗೆ ನನ್ನ ಮನೆಯಾಕೆ ಮಾತು ಹೇಳಬೇಕು. ಕಾರ್ತೀಕ ದೀಪ ನಡೆಯೋವಾಗ ನಾನು ದಿನಾ ಗೇಲಿ ಮಾಡ್ತಿದ್ದೆ. ಅವಳು ಒಂದು ದಿನ ಟಿವಿ ಕಡೆಯೇ ನೋಡ್ತಾ, "ಅಲ್ಲ ಕಣ್ರೀ, ನಮ್ಮ ಅಕ್ಕನ್ನ ಹಿಂಗೇ ಅನುಮಾನ ಪಟ್ಟು ತವರಿಗೆ ಕಳಿಸಿರಲಿಲ್ವಾ? ಅವಳು ಸಾಯೋವರೆಗೂ ಆ ಮನುಷ್ಯ ತಪ್ಪಾಯ್ತು ಅನ್ನಲಿಲ್ಲ. ಇವನಾದರೂ ಅಂತಾನಾ ಅಂತ ನೋಡ್ತಿದ್ದೀನಿ" ಅಂದಳು. ನಾನು ಆ ಅಕ್ಕನ ಮದುವೆಯಲ್ಲಿ ಹಾಡಿದ್ದೆ. ನನಗೆ ಮಾತು ಹೊರಡಲಿಲ್ಲ.

ಎಳೆತದ ಗುಟ್ಟು ನನಗೆ ಅವತ್ತು ಪೂರ್ತಿ ತಿಳೀತು. ಗಂಡನ ಬಾಯಲ್ಲಿ ಬರಬೇಕಾದ ಒಂದು ಮಾತಿಗೆ ಊರೂರಲ್ಲಿ ಹೆಂಗಸರು ಕಾಯ್ತಾರೆ ಅನ್ನೋದು ಬರೆಯೋರಿಗೆ ಗೊತ್ತು. ಆ ಮಾತನ್ನೇ ಅವರು ನಾಳೆಗೆ, ನಾಡಿದ್ದಿಗೆ ಅಂತ ಮುಂದೆ ಹಾಕ್ತಾರೆ. ಕಾಯೋರು ನಿಜವಾಗಿ ನೊಂದವರು, ಅದಕ್ಕೇ ಎದ್ದು ಹೋಗಲ್ಲ. ಸೀರಿಯಲ್ಲಿನ ಗಂಡನಿಗೆ ವರ್ಷಗಟ್ಟಲೆ ಆದಮೇಲೆ ನಿಜ ತಿಳೀತು, ಅತ್ತ, ಕ್ಷಮೆ ಕೇಳಿದ. ಅವತ್ತು ಇವಳು ಸೆರಗಲ್ಲಿ ಕಣ್ಣು ಒರೆಸಿಕೊಂಡು ಎದ್ದು ಹೋಗಿ ಹಸುಗಳಿಗೆ ಹುಲ್ಲು ಹಾಕಿದಳು. ಆಮೇಲಿನ ಕಂತುಗಳನ್ನ ನೋಡಿದಳು, ಆದರೆ ಕೂತು ನೋಡಲಿಲ್ಲ. ಓಡಾಡ್ತಾ ನೋಡಿದಳು.

ನಮ್ಮ ಆಟದವರು ಬೆಳಗಾಗೋದಕ್ಕೆ ಹೆದರ್ತೀವಿ. ಕೋಳಿ ಕೂಗಿದಾಗ ರಾಕ್ಷಸ ಇನ್ನೂ ಉಳಿದಿದ್ದರೆ ಪದ ಬಿಟ್ಟು ಬೇಗ ಬೇಗ ಕೊಂದು ಮಂಗಳ ಹಾಡ್ತೀವಿ, ಯಾಕೆಂದರೆ ಜನಕ್ಕೆ ಹೊಲ ಇದೆ. ಟಿವಿಯವರಿಗೆ ಆ ಕೋಳಿ ಇಲ್ಲ. ಈಗ ನಮ್ಮ ತಾಲೀಮು ಕೂಡ ರಾತ್ರಿ ಒಂಬತ್ತೂವರೆ ಮೇಲೆ, ಮನೆಮನೆಯಲ್ಲಿ ಟಿವಿ ಆರಿದ ಮೇಲೆ ಶುರುವಾಗೋದು. ಹೋದ ಸಲ ತಾಲೀಮಿಗೆ ಮನೆಯಾಕೆಯೂ ಬಂದು ಕೂತಿದ್ದಳು. ದ್ರೌಪದಿ ಪದ ನಾನು ಎಳೆದು ಹಾಡ್ತಿದ್ದಾಗ, "ಸಾಕು, ಮುಂದಕ್ಕೆ ಹೋಗಿ" ಅಂದಳು. ಹೋದೆ.